ಸದ್ಯಕ್ಕೆ ನಿಲ್ಲಿಸಿ

ಮೂಕಾಂಬಿಕಾಳ ಧ್ವನಿಯಲ್ಲಿ ಏನೋ ಇತ್ತು. ಸಿಟ್ಟಿನಿಂದ ಫೋನ್ ಮಾಡಿದವರು ಎರಡು ನಿಮಿಷದಲ್ಲಿ ತಣ್ಣಗಾಗುತ್ತಿದ್ದರು, ಐದನೇ ನಿಮಿಷಕ್ಕೆ ಅವಳ ಮಕ್ಕಳು ಎಷ್ಟನೇ ಕ್ಲಾಸು ಅಂತ ವಿಚಾರಿಸುತ್ತಿದ್ದರು. ಸಾಗರದ ಕೊರಿಯರ್ ಆಫೀಸೊಂದರಲ್ಲಿ ಏಳು ವರ್ಷ ಕೂತು, ಕಳೆದುಹೋದ ಪಾರ್ಸೆಲ್ಲುಗಳ ಬೈಗುಳ ಕೇಳಿ ಕೇಳಿ ಆ ಧ್ವನಿ ಹದಕ್ಕೆ ಬಂದಿತ್ತು. ‘ತಿಂಗಳ ಬುಟ್ಟಿ’ಯ ಹರಿಪ್ರಸಾದ್ ಅವಳನ್ನು ಕೆಲಸಕ್ಕೆ ಕರೆದದ್ದೇ ಆ ಧ್ವನಿಗಾಗಿ.

ತಿಂಗಳ ಬುಟ್ಟಿ ಅಂದರೆ ಜೋಗ ರಸ್ತೆಯ ಒಂದು ಮಹಡಿ. ಮುಂದೆ ಎರಡು ಕಂಪ್ಯೂಟರು, ಹಿಂದೆ ಉದ್ದನೆಯ ಪ್ಯಾಕಿಂಗ್ ಮೇಜು. ತಿಂಗಳಿಗೊಂದು ರಟ್ಟಿನ ಡಬ್ಬಿ, ಅದರಲ್ಲಿ ಹಲಸಿನ ಹಪ್ಪಳ, ಜೋನಿಬೆಲ್ಲ, ವಾಟೆಹುಳಿ ಪುಡಿ, ಮುರುಗಲು ಸಿಪ್ಪೆ, ಒಂದು ಉಪ್ಪಿನಕಾಯಿ. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿರುವವರು ವೆಬ್‌ಸೈಟಿನಲ್ಲಿ ಒಮ್ಮೆ ಹೆಸರು ಹಚ್ಚಿ, ಬ್ಯಾಂಕಿಗೋ ಯುಪಿಐಗೋ ಒಂದು ಸಲ ಒಪ್ಪಿಗೆ ಕೊಟ್ಟರೆ ಸಾಕು. ಪ್ರತಿ ತಿಂಗಳು ಐದನೇ ತಾರೀಕು ಎಂಟುನೂರ ನಲವತ್ತೊಂಬತ್ತು ರೂಪಾಯಿ ತಾನಾಗಿ ಕಡಿತವಾಗುತ್ತಿತ್ತು, ಎಂಟನೇ ತಾರೀಕು ಡಬ್ಬಿ ಹೊರಡುತ್ತಿತ್ತು. ದುಡ್ಡು ಬಂತು ಎಂದು ಪಟ್ಟಿಯಲ್ಲಿ ಹಸಿರು ಬೀಳದೆ ಯಾರ ಡಬ್ಬಿಗೂ ಟೇಪು ಸುತ್ತುವಂತಿರಲಿಲ್ಲ. ಆ ಪಟ್ಟಿ ನೋಡುವುದೂ ಫೋನ್ ಎತ್ತುವುದೂ ಮೂಕಾಂಬಿಕಾಳ ಪಾಲಿನ ಕೆಲಸ.

ಮೊದಮೊದಲು ಬರುತ್ತಿದ್ದ ಫೋನುಗಳೆಲ್ಲ ಒಂದೇ ಥರದವು. ‘ಮೇಡಂ, ಕ್ಯಾನ್ಸಲ್ ಮಾಡ್ಬಿಡಿ.’ ಯಾಕೆ ಎಂದು ಕೇಳಿದರೆ, ಎರಡು ತಿಂಗಳು ಊರಲ್ಲಿರುವುದಿಲ್ಲ, ಮಗುವಿನ ಸ್ಕೂಲ್ ಫೀಸು ಕಟ್ಟಬೇಕು, ಹಳೇ ಉಪ್ಪಿನಕಾಯಿಯೇ ಮುಗಿದಿಲ್ಲ. ಹೊರಟುಹೋಗುವ ಮನಸ್ಸು ಯಾರಿಗೂ ಇರಲಿಲ್ಲ. ಒಂದು ದಿನ ಅವಳು ಹರಿಪ್ರಸಾದನಿಗೆ ಹೇಳಿದಳು.

‘ಸಾರ್, ಇವ್ರು ಬಿಡೋರಲ್ಲ. ಸ್ವಲ್ಪ ದಿನ ಬೇಡ ಅಂತಾರೆ ಅಷ್ಟೇ. ನಾವು ಬಾಗಿಲು ಹಾಕ್ಕೊಂಡು ಹೋಗಿ ಅಂತೀವಿ. ಸದ್ಯಕ್ಕೆ ನಿಲ್ಸಿ ಅನ್ನೋ ಹಂಗೆ ಒಂದು ಬಟನ್ ಕೊಟ್ರೆ ಆಗಲ್ವ?’

ಹರಿಪ್ರಸಾದ್ ಯೋಚಿಸಿದ. ವೆಬ್‌ಸೈಟ್ ನೋಡಿಕೊಳ್ಳುವ ಶಿವಮೊಗ್ಗದ ಸಚಿನ್‌ಗೆ ಹೇಳಿ ಹದಿನೈದು ದಿನದಲ್ಲಿ ಬಟನ್ ಬಂತು. ಅವಳು ಹೇಳಿದ ಮಾತೇ ಅದರ ಮೇಲಿತ್ತು: ‘ಸದ್ಯಕ್ಕೆ ನಿಲ್ಲಿಸಿ’. ಒತ್ತಿದರೆ ಬ್ಯಾಂಕಿನ ಒಪ್ಪಿಗೆ ಹಾಗೇ ಉಳಿಯುತ್ತದೆ, ದುಡ್ಡು ಮಾತ್ರ ಹೋಗುವುದಿಲ್ಲ. ಮತ್ತೆ ಬೇಕೆನಿಸಿದಾಗ ‘ಮುಂದುವರಿಸಿ’ ಒತ್ತಿದರಾಯಿತು, ಇಲ್ಲವೇ ಫೋನ್ ಮಾಡಿದರಾಯಿತು. ಬಿಟ್ಟುಹೋಗುವವರ ಸಂಖ್ಯೆ ಮೂರು ತಿಂಗಳಲ್ಲಿ ಅರ್ಧಕ್ಕಿಳಿಯಿತು. ಹರಿಪ್ರಸಾದ್ ಎಲ್ಲರೆದುರು ‘ಇದು ಮೂಕಾಂಬಿಕಾ ಅವರ ಬಟನ್’ ಎಂದ. ಅವಳಿಗೆ ಹೆಮ್ಮೆಯಾಗಿತ್ತು. ಫೋನಿನಲ್ಲಿ ಬಟನ್ ಹುಡುಕಲಾರದ ಎಷ್ಟೋ ಜನಕ್ಕೆ ತಾನೇ ಒತ್ತಿಕೊಟ್ಟು, ‘ನೀವಾಗಿ ಶುರು ಮಾಡಿ ಅನ್ನೋ ತನಕ ಒಂದು ರೂಪಾಯೂ ಹೋಗಲ್ಲ, ನಾನು ಹೇಳ್ತೀನಲ್ಲ’ ಎನ್ನುತ್ತಿದ್ದಳು.

ಹಾಗೆ ಹೇಳಿಸಿಕೊಂಡವರಲ್ಲಿ ತೀರ್ಥಹಳ್ಳಿಯ ಮಹಾಲಕ್ಷ್ಮೀ ಟೀಚರ್ ಒಬ್ಬರು.

ಮೂಕಾಂಬಿಕಾ ಮಾಸ್ತಿಕಟ್ಟೆಯವಳು. ಅವಳಪ್ಪ ಅಲ್ಲಿ ಡ್ಯಾಮಿನ ಕೆಲಸಕ್ಕೆ ಬಂದು ನಿಂತವನು. ತೀರ್ಥಹಳ್ಳಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಮೊದಲು ಬಸ್ಸು ಕೈಕೊಡುವುದು ಹೆಚ್ಚಾದಾಗ ಗಣಿತದ ಮಹಾಲಕ್ಷ್ಮೀ ಟೀಚರ್ ಅವಳನ್ನು ಮೂರು ತಿಂಗಳು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಮಕ್ಕಳಿಲ್ಲದ ಮನೆ. ಟೀಚರ ಗಂಡ ದಿನಾ ಬೆಳಿಗ್ಗೆ ಅವಳಿಗೆಂದು ಒಂದು ಲೋಟ ಹೆಚ್ಚಿಗೆ ಕಾಫಿ ಬೆರೆಸುತ್ತಿದ್ದರು. ಅವಳು ಬಿ.ಕಾಂ. ಮುಗಿಸಿದ್ದು, ಸಾಗರದ ಗೂಡ್ಸ್ ಆಟೋ ಓಡಿಸುವ ಸತೀಶನನ್ನು ಮದುವೆಯಾದದ್ದು, ಎರಡಕ್ಕೂ ಟೀಚರ ಒಪ್ಪಿಗೆ ಕೇಳಿಯೇ ಮುಂದುವರಿದಿದ್ದಳು.

ಬುಟ್ಟಿಯ ಕೆಲಸಕ್ಕೆ ಸೇರಿದ ವರ್ಷ ಟೀಚರ್ ತಾವಾಗಿ ಹೇಳಿದ್ದರು, ‘ಪುಣೆಯಲ್ಲಿ ನನ್ನ ತಂಗಿ ಇದಾಳೆ. ಅವಳಿಗೆ ತಿಂಗಳು ತಿಂಗಳು ಕಳ್ಸು ನೋಡನ. ನೀನು ಇರೋ ಅಂಗಡಿ ಅಲ್ವ.’ ಟೀಚರ ಫೋನು ಬರೀ ಮಾತಿಗೆ, ಮೆಸೇಜಿಗೆ ಬರುವಂಥದ್ದು, ಅದರಲ್ಲಿ ಯುಪಿಐ ಇಲ್ಲ. ಹಾಗಾಗಿ ಮೂಕಾಂಬಿಕಾ ಒಂದು ಭಾನುವಾರ ಹೋಗಿ, ತನ್ನ ಮೊಬೈಲಿನಲ್ಲಿ ಅವರ ಬ್ಯಾಂಕ್ ಖಾತೆಯ ವಿವರ ತುಂಬಿ, ಅವರ ಫೋನಿಗೆ ಬಂದ ಓಟಿಪಿ ಕೇಳಿ, ಖಾತೆಯಿಂದ ನೇರ ಕಡಿತಕ್ಕೆ ಒಪ್ಪಿಗೆ ಮಾಡಿಸಿದ್ದಳು. ಖಾಸಗಿ ಶಾಲೆಯಲ್ಲಿದ್ದ ಟೀಚರಿಗೆ ಪಿಂಚಣಿ ಇರಲಿಲ್ಲ. ಮನೆಯ ಹಿಂದಿನ ಎರಡು ಕೋಣೆಯ ಬಾಡಿಗೆ ಆ ಖಾತೆಗೆ ಬರುತ್ತಿತ್ತು.

ಏಪ್ರಿಲ್‌ನಲ್ಲಿ ಟೀಚರ ಗಂಡ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಟೀಚರ್ ಫೋನ್ ಮಾಡಿದರು. ‘ಅಂಬಿಕಾ, ಈಗ ಆ ಡಬ್ಬಿ ಬೇಡ ಮಾರಾಯ್ತಿ. ಮುಂದೆ ನೋಡನ.’

‘ನಿಲ್ಸಿದೀನಿ ಟೀಚರ್. ನೀವು ಹೇಳೋ ತನಕ ಅದು ಹಂಗೇ ಇರುತ್ತೆ.’

ಜೂನ್ ಮುಗಿಯುವ ಹೊತ್ತಿಗೆ ಆರುನೂರ ನಲವತ್ತು ಚಂದಾದಾರರಲ್ಲಿ ಇನ್ನೂರ ಹದಿನೇಳು ಜನ ಆ ಬಟನ್ ಒತ್ತಿ ಕೂತಿದ್ದರು. ಯಾರೂ ಬಿಟ್ಟುಹೋಗಿರಲಿಲ್ಲ, ಯಾರೂ ದುಡ್ಡೂ ಕೊಡುತ್ತಿರಲಿಲ್ಲ. ಇತ್ತ ಹಪ್ಪಳ ಮಾತ್ರ ಯಾರಿಗೂ ಕಾಯುವುದಿಲ್ಲ. ಹಲಸಿನಕಾಯಿ ಬಲಿತಾಗ, ಬಿಸಿಲಿದ್ದಾಗ, ವರ್ಷದ ಹಪ್ಪಳವನ್ನೆಲ್ಲ ಒಂದೇ ಸಲ ಮಾಡಿಕೊಳ್ಳಬೇಕು. ಹೊಸನಗರದ ಹತ್ತಿರ ಹುಲಿಯಮ್ಮ ಎನ್ನುವವಳು ಒಂಬತ್ತು ಹೆಂಗಸರನ್ನು ಕಟ್ಟಿಕೊಂಡು ಬೇಸಿಗೆಯಿಡೀ ಹಪ್ಪಳ ಒತ್ತಿ, ಆರುನೂರ ಚಿಲ್ಲರೆ ಡಬ್ಬಿಯ ಲೆಕ್ಕಕ್ಕೆ ಒಣಗಿಸಿ ಕೊಟ್ಟಿದ್ದಳು. ಅರ್ಧ ದುಡ್ಡು ಸಂದಿತ್ತು, ಇನ್ನರ್ಧ ಬಾಕಿಯಿತ್ತು. ಹಪ್ಪಳದ ತಗಡಿನ ಡಬ್ಬಗಳು ಹಿಂದಿನ ಕೋಣೆಯಲ್ಲಿ ಮಾಡಿನ ತನಕ ಪೇರಿಸಿದ್ದವು.

ಜುಲೈ ಮೂರನೇ ವಾರ ಹರಿಪ್ರಸಾದ್ ಅವಳನ್ನು ಕರೆದು ಕೂರಿಸಿದ.

‘ಆಗಸ್ಟ್ ಐದಕ್ಕೆ ನಿಲ್ಲಿಸಿರೋದನ್ನೆಲ್ಲ ಶುರು ಮಾಡ್ತಿದೀನಿ. ನಿಬಂಧನೆ ಬದಲಾಯ್ಸಿದೀವಿ. ಇನ್ಮೇಲೆ ಎರಡು ತಿಂಗಳಿಗಿಂತ ಜಾಸ್ತಿ ನಿಲ್ಲಿಸೋ ಹಂಗಿಲ್ಲ.’

‘ಅವ್ರಿಗೆ ಹೇಳ್ಬೇಕಲ್ಲ ಸಾರ್.’

‘ಎಲ್ರಿಗೂ ಇಮೇಲ್ ಹೋಗುತ್ತೆ. ದುಡ್ಡು ಹೋಗೋ ಮೊದಲು ಮೆಸೇಜೂ ಬರುತ್ತೆ. ಬೇಡದಿದ್ದೋರು ಆಗ ನಿಲ್ಲಿಸ್ಲಿ.’

‘ನೀವು ಹೇಳೋ ತನಕ ಇಲ್ಲ ಅಂತ ನಾನು ಫೋನಲ್ಲಿ ಮಾತು ಕೊಟ್ಟಿದೀನಿ.’

‘ನಿಮ್ ಮಾತಿಗೆ ನಾನು ಬೆಲೆ ಕೊಡಲ್ಲ ಅಂತಲ್ಲ ಮೂಕಾಂಬಿಕಾ ಅವ್ರೆ,’ ಎಂದ ಹರಿಪ್ರಸಾದ್. ಅವನ ಮುಖದಲ್ಲಿ ಎರಡು ವಾರದ ನಿದ್ದೆ ಬಾಕಿಯಿತ್ತು. ‘ಹುಲಿಯಮ್ಮಂಗೂ ಮಾತು ಕೊಟ್ಟಿದೀನಿ. ಎರಡರಲ್ಲಿ ಯಾವ್ದು ಉಳಿಸ್ಲಿ ಹೇಳಿ.’

ಮೂಕಾಂಬಿಕಾ ಎದ್ದು ಬಂದು ಕುರ್ಚಿಯಲ್ಲಿ ಕೂತಳು. ಇನ್ನೂರ ಹದಿನೇಳು ಹೆಸರಿನ ಪಟ್ಟಿಯನ್ನು ತೆರೆದು ಒಂದೊಂದಾಗಿ ನೋಡಲಿಲ್ಲ. ನೋಡಬೇಕಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಳೋ ಲೆಕ್ಕವಿಲ್ಲ.

ಆಗಸ್ಟ್ ಐದರಂದು ನೂರ ಮೂವತ್ತೊಂದು ಜನರ ದುಡ್ಡು ಬಂತು. ಇಪ್ಪತ್ತನಾಲ್ಕು ಜನ ಮೆಸೇಜು ನೋಡಿದವರೇ ರದ್ದು ಮಾಡಿಕೊಂಡಿದ್ದರು. ಅರವತ್ತೆರಡು ಹೆಸರಿನ ಮುಂದೆ ಕೆಂಪು ಬಿತ್ತು, ಪಾವತಿ ವಿಫಲ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಫೋನು ಸಂಜೆ ಆರರವರೆಗೆ ನಿಲ್ಲಲಿಲ್ಲ. ‘ನೀವೇ ಅಲ್ವೇನ್ರೀ ಹೇಳಿದ್ದು?’ ಅಂತ ಒಬ್ಬರಾದ ಮೇಲೆ ಒಬ್ಬರು. ಅವಳ ಧ್ವನಿ ಅವತ್ತು ಯಾರನ್ನೂ ತಣ್ಣಗೆ ಮಾಡಲಿಲ್ಲ.

ಆ ಗದ್ದಲದ ನಡುವೆ ಕೆಂಪು ಪಟ್ಟಿ ಸರಿಸುವಾಗ ‘ಮಹಾಲಕ್ಷ್ಮೀ, ತೀರ್ಥಹಳ್ಳಿ’ ಕಣ್ಣಿಗೆ ಬಿತ್ತು. ಕಾರಣದ ಕಾಲಂನಲ್ಲಿ: ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. ದುಡ್ಡು ಹೋಗಿಲ್ಲವಲ್ಲ, ಸದ್ಯ, ಎನ್ನುವ ಸಮಾಧಾನವಾಯಿತು. ಸಂಜೆ ಫೋನ್ ಮಾಡೋಣ ಎಂದುಕೊಂಡಳು. ಸಂಜೆ ಏನಂತ ಮಾಡುವುದು? ‘ಟೀಚರ್, ನಿಮ್ಮ ಖಾತೆಯಲ್ಲಿ ದುಡ್ಡಿಲ್ಲ ಅಂತ ನನಗೆ ಗೊತ್ತಾಯ್ತು’ ಅಂತಲೇ? ನಾಳೆ ಮಾಡೋಣ ಎಂದುಕೊಂಡಳು. ಮರುದಿನ ಮತ್ತೆ ಫೋನುಗಳ ಸುರಿಮಳೆ. ಆ ಹೆಸರು ಪಟ್ಟಿಯ ಕೆಳಕ್ಕೆ ಸರಿಯಿತು.

ವಿಫಲವಾದ ಪಾವತಿ ಅಲ್ಲಿಗೇ ನಿಲ್ಲುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಸಚಿನ್ ಮಾಡಿಟ್ಟ ವ್ಯವಸ್ಥೆ ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳುತ್ತದೆ, ಇನ್ನೂ ನಾಲ್ಕು ದಿನ ಬಿಟ್ಟು ಮೂರನೇ ಸಲ ಕೇಳುತ್ತದೆ. ಆಗಲೂ ಬರದಿದ್ದರೆ ಆ ಚಂದಾವನ್ನು ತಡೆಹಿಡಿದು, ‘ಪಾವತಿ ಆಗಿಲ್ಲ, ದಯವಿಟ್ಟು ಸರಿಪಡಿಸಿ’ ಎಂದು ಸಂದೇಶ ಕಳಿಸುತ್ತದೆ. ಹೆಚ್ಚಿನವರದು ಯುಪಿಐ. ಅದರಲ್ಲಿ ವಿಫಲವಾದರೆ ಗಿರಾಕಿಗೆ ಸಾಮಾನ್ಯವಾಗಿ ನಷ್ಟವಿಲ್ಲ. ಖಾತೆಯಿಂದ ನೇರ ಕಡಿತಕ್ಕೆ ಒಪ್ಪಿಗೆ ಕೊಟ್ಟವರದು ಬೇರೆ ಕತೆ. ಚೆಕ್ ಬೌನ್ಸ್ ಆದ ಹಾಗೇ, ಒಂದೊಂದು ಸಲ ವಿಫಲವಾದಾಗಲೂ ಬ್ಯಾಂಕು ದಂಡ ಹಾಕುತ್ತದೆ. ಅಂಥವರು ಪಟ್ಟಿಯಲ್ಲಿ ಹತ್ತೋ ಹನ್ನೆರಡೋ ಜನ. ಅವರ ಬಗ್ಗೆ ಯಾರೂ ಬೇರೆಯಾಗಿ ಯೋಚಿಸಿರಲಿಲ್ಲ. ಅವಳೂ ಯೋಚಿಸಿರಲಿಲ್ಲ.

ಒಂಬತ್ತನೇ ತಾರೀಕು ಕೇಳಿತು. ಹದಿಮೂರಕ್ಕೆ ಕೇಳಿತು. ಹದಿನಾಲ್ಕರ ಬೆಳಿಗ್ಗೆ ತಡೆಹಿಡಿದವರ ಪಟ್ಟಿಯಲ್ಲಿ ಟೀಚರ ಹೆಸರು ಕಂಡಿತು. ಆ ಭಾನುವಾರವೇ ಹೊಸನಗರಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ತೀರ್ಥಹಳ್ಳಿ ಮುಟ್ಟಿದಳು.

ಟೀಚರ್ ಬಾಗಿಲು ತೆಗೆದು ‘ಬಾ’ ಎಂದರು. ಒಳಗೆ ಮಂಚದ ಮೇಲೆ ಗಂಡ ಮಲಗಿದ್ದರು. ಅವಳ ಗುರುತು ಹಿಡಿದು ನಕ್ಕರು. ಟೀಚರ್ ಕಾಫಿ ಕೊಟ್ಟರು, ಮಕ್ಕಳ ಬಗ್ಗೆ ಕೇಳಿದರು. ಆಮೇಲೆ ಗೋಡೆಯ ಗೂಡಿನಿಂದ ಪಾಸ್‌ಬುಕ್ ತೆಗೆದು ಅವಳ ಮುಂದೆ ಇಟ್ಟರು, ತಪ್ಪು ಲೆಕ್ಕದ ನೋಟ್‌ಬುಕ್ ಇಡುತ್ತಿದ್ದ ಹಾಗೆ.

‘ಇದೇನು ಅಂತ ಸ್ವಲ್ಪ ಹೇಳು.’

ಐದನೇ ತಾರೀಕು ಖಾತೆಯಲ್ಲಿ ಏಳುನೂರು ಇತ್ತು. ಬ್ಯಾಂಕಿನ ದಂಡ ಇನ್ನೂರ ತೊಂಬತ್ತೈದು. ಒಂಬತ್ತಕ್ಕೆ ಮತ್ತೊಂದು ಇನ್ನೂರ ತೊಂಬತ್ತೈದು. ಹದಿಮೂರಕ್ಕೆ ಉಳಿದದ್ದು ನೂರ ಹತ್ತು, ಅದನ್ನೂ ಬಳಿದುಕೊಂಡು, ಇನ್ನು ನೂರ ಎಂಬತ್ತೈದು ಬರಬೇಕೆಂದು ಬ್ಯಾಂಕು ಬಾಕಿ ಬರೆದಿತ್ತು. ಬಾಡಿಗೆ ಬಂದ ಕೂಡಲೇ ಅದನ್ನೂ ಹಿಡಿಯುತ್ತಾರೆ. ಒಟ್ಟು ಎಂಟುನೂರ ಎಂಬತ್ತೈದು, ಡಬ್ಬಿಯ ಬೆಲೆಗಿಂತ ಹೆಚ್ಚು. ಡಬ್ಬಿಯೂ ಇಲ್ಲ.

‘ಮೆಸೇಜ್ ಬಂದಿತ್ತು,’ ಎಂದರು ಟೀಚರ್. ‘ಇಷ್ಟು ದುಡ್ಡು ತಗೋತೀವಿ ಅಂತ. ನಾನು ಮೋಸದ್ದು ಅಂದ್ಕೊಂಡೆ. ಅಂಥ ಮೆಸೇಜ್ ಬಂದ್ರೆ ಮುಟ್ಟಬೇಡಿ ಅಂತ ಎಲ್ರೂ ಹೇಳ್ತಾರಲ್ಲ. ನಿಂದು ಹೆಂಗೂ ನಿಂತಿದೆ ಅಂತ ಅಳಿಸ್ದೆ.’

‘ನನ್ನ ತಪ್ಪು ಟೀಚರ್.’

‘ಬ್ಯಾಂಕಿಗೆ ಹೋಗಿದ್ದೆ. ಕೌಂಟರಲ್ಲಿ ಹೇಳ್ದೆ, ಇದು ನನ್ನ ಶಿಷ್ಯೆ ಇರೋ ಅಂಗಡಿ, ನಾನು ಹೇಳೋ ತನಕ ತಗಳಲ್ಲ ಅಂದಿದಾಳೆ, ಎಲ್ಲೋ ನಿಮ್ದೇ ತಪ್ಪಿರಬೇಕು ಅಂತ. ಸ್ವಲ್ಪ ಜೋರಾಗೇ ಹೇಳ್ದೆ. ಆ ಹುಡುಗ ಪಾಪ, ಕಂಪ್ಯೂಟರ್ ನನ್ನ ಕಡೆ ತಿರುಗಿಸಿ ತೋರಿಸ್ದ. ಅಮ್ಮ, ಅಂಗಡಿಯವ್ರೇ ಮೂರು ಸಲ ಕೇಳಿದಾರೆ ನೋಡಿ ಅಂದ. ಹಿಂದೆ ಲೈನಲ್ಲಿ ಜನ ಇದ್ರು.’

ಟೀಚರ ಧ್ವನಿ ಏರಲಿಲ್ಲ. ಏರಿದ್ದರೆ ಅವಳಿಗೆ ಹಗುರಾಗುತ್ತಿತ್ತೇನೋ. ಗಂಡನಿಗೆ ಇಂಜೆಕ್ಷನ್ ತರಬೇಕಾದ ದಿನ ಎಟಿಎಂನಲ್ಲಿ ದುಡ್ಡು ಬರದೆ, ಮೆಡಿಕಲ್ ಶಾಪಿನವನ ಹತ್ತಿರ ಮೂರು ದಿನದ ಸಾಲ ಹೇಳಿದ್ದನ್ನು ಅವರು ಹೇಳಲಿಲ್ಲ. ಟೀಚರ್ ಅಡುಗೆಮನೆಗೆ ಹೋದಾಗ ಗಂಡನೇ ಮೆಲ್ಲಗೆ ಹೇಳಿದರು.

ಮೂಕಾಂಬಿಕಾ ಪರ್ಸಿನಿಂದ ಸಾವಿರ ರೂಪಾಯಿ ತೆಗೆದು ಮೇಜಿನ ಮೇಲಿಟ್ಟಳು. ಟೀಚರ್ ಅದನ್ನು ಮಡಚಿ ವಾಪಸ್ ಅವಳ ಕೈಯಲ್ಲಿಟ್ಟರು.

‘ದುಡ್ಡಿನ ಪ್ರಶ್ನೆ ಅಲ್ಲ ಅಂಬಿಕಾ. ಐದನೇ ತಾರೀಕೇ ನಿಂಗೆ ಗೊತ್ತಿತ್ತಾ?’

ಸುಳ್ಳು ಹೇಳಬಹುದಿತ್ತು.

‘ಗೊತ್ತಿತ್ತು ಟೀಚರ್. ಪಟ್ಟೀಲಿ ನೋಡ್ದೆ. ಫೋನ್ ಮಾಡೋಕೆ ನಾಚಿಕೆ ಆಯ್ತು.’

ಟೀಚರ್ ತಲೆಯಾಡಿಸಿದರು. ಅವಳು ಪಾಸ್‌ಬುಕ್ಕಿನ ಫೋಟೋ ತೆಗೆದುಕೊಂಡ ಮೇಲೆ ಅದನ್ನು ವಾಪಸ್ ಗೂಡಿನಲ್ಲಿಟ್ಟರು.

ಸೋಮವಾರ ಅವಳು ಹರಿಪ್ರಸಾದನ ಮುಂದೆ ಪಾಸ್‌ಬುಕ್ಕಿನ ಫೋಟೋ ಹಿಡಿದಳು. ದಂಡದ ದುಡ್ಡು ಕೊಡಬೇಕು ಎಂದಳು.

‘ಅದು ಬ್ಯಾಂಕ್ ತಗೊಂಡಿದ್ದು. ನಮಗೆ ಒಂದು ಪೈಸೆ ಬಂದಿಲ್ಲ,’ ಎಂದ ಹರಿಪ್ರಸಾದ್. ಅದು ನಿಜವೇ. ‘ಒಬ್ರಿಗೆ ಕೊಟ್ರೆ ಎಲ್ರಿಗೂ ಕೊಡಬೇಕಾಗುತ್ತೆ. ನಂಗೂ ಬೇಜಾರಿದೆ. ಆದ್ರೆ ನೋಡಿ, ಎರಡನೇ ಸಲ, ಮೂರನೇ ಸಲ ಕೇಳ್ದಾಗ ಬಂದಿದ್ದೂ ಸೇರಿ ನೂರ ಐವತ್ತು ಡಬ್ಬಿ ಜಾಸ್ತಿ ಹೋಗಿದೆ. ಸೆಪ್ಟೆಂಬರ್ ಐದು ದಾಟಿದ್ರೆ ಹುಲಿಯಮ್ಮನ ಬಾಕಿ ತೀರಿಸ್ತೀನಿ.’

ಸೆಪ್ಟೆಂಬರ್ ಐದು. ಅಂದರೆ ಅದೇ ಜನರಿಂದ ಮತ್ತೊಂದು ಸಲ.

ಅವಳು ಕೂತು ಯೋಚಿಸಿದ್ದು ಒಂದೇ ದಿನ. ಮಂಗಳವಾರದಿಂದ ಆ ನೂರ ಐವತ್ತು ಹೆಸರಿಗೆ ಒಂದೊಂದಾಗಿ ಫೋನ್ ಮಾಡಲು ಶುರುಮಾಡಿದಳು. ಯಾರಿಗೂ ಉಪದೇಶ ಹೇಳಲಿಲ್ಲ. ‘ನಿಮ್ಮದು ನಾವೇ ಶುರು ಮಾಡಿದ್ವಿ, ನೀವು ಹೇಳಿರಲಿಲ್ಲ. ಮುಂದಿನ ತಿಂಗಳು ಐದಕ್ಕೆ ಮತ್ತೆ ಹೋಗುತ್ತೆ. ಬೇಕಾ, ಬೇಡ್ವಾ ಹೇಳಿ. ಬೇಡ ಅಂದ್ರೆ ನಿಲ್ಲಿಸೋದಲ್ಲ, ರದ್ದು ಮಾಡ್ತೀನಿ. ರದ್ದಾದ್ರೆ ನೀವು ಹೊಸದಾಗಿ ಒಪ್ಪಿಗೆ ಕೊಡದೆ ನಮಗೆ ಒಂದು ರೂಪಾಯಿ ತಗಳೋಕೆ ಬರಲ್ಲ.’ ಕೆಲವರು ಬೇಕು ಎಂದರು. ಕೆಲವರು ಫೋನ್ ಎತ್ತಲಿಲ್ಲ. ಎಪ್ಪತ್ತೊಂದು ಜನ ಬೇಡ ಎಂದರು. ಎಪ್ಪತ್ತೊಂದನ್ನೂ ರದ್ದು ಮಾಡಿದಳು. ತಡೆಹಿಡಿದ ಪಟ್ಟಿಯಲ್ಲಿ ಟೀಚರದನ್ನು ಎಲ್ಲಕ್ಕಿಂತ ಮೊದಲೇ ರದ್ದು ಮಾಡಿ, ಬ್ಯಾಂಕಿನ ಒಪ್ಪಿಗೆಯೂ ಬಿದ್ದುಹೋಗಿದೆಯೇ ಎಂದು ಎರಡು ಸಲ ನೋಡಿದಳು.

ಶನಿವಾರ ಹರಿಪ್ರಸಾದ್ ಪಟ್ಟಿ ತೆರೆದ. ರದ್ದಾದ ಹೆಸರುಗಳನ್ನು ಒಂದೊಂದಾಗಿ ಎಣಿಸಿದ. ಕೂಗಾಡುತ್ತಾನೆ ಎಂದುಕೊಂಡಿದ್ದಳು.

‘ನಿಲ್ಲಿಸಿದ್ರೆ ಒಂದಲ್ಲ ಒಂದಿನ ವಾಪಸ್ ಬರ್ತಿದ್ರು. ನೀವೇ ಹೇಳಿದ್ದು, ಇವ್ರು ಬಿಡೋರಲ್ಲ ಅಂತ. ಈಗ ನೀವೇ ಬಿಡಿಸಿದ್ರಿ.’

‘ಕೇಳಿ ಮಾಡಿದೀನಿ ಸಾರ್. ಬೇಡ ಅಂದೋರದ್ದೇ.’

‘ನನ್ನನ್ನ ಕೇಳಿದ್ರಾ?’

ತಿಂಗಳ ಸಂಬಳ ಪೂರ್ತಿ ಹಾಕುತ್ತೇನೆ, ಸೋಮವಾರದಿಂದ ಬರುವುದು ಬೇಡ ಎಂದ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಹುಲಿಯಮ್ಮ ಸಿಕ್ಕಳು. ಮೂಕಾಂಬಿಕಾ ತವರಿಗೆ ಹೊರಟಿದ್ದಳು. ಮಾತಾಡಿಸಲೋ ಬೇಡವೋ ಎನ್ನುವಷ್ಟರಲ್ಲಿ ಹುಲಿಯಮ್ಮನೇ ಎದುರು ಬಂದು ನಿಂತಳು. ಬಾಕಿಯಲ್ಲಿ ಕಾಲು ಭಾಗವಷ್ಟೇ ಬಂದಿತ್ತು. ಉಳಿದದ್ದಕ್ಕೆ ಹರಿಪ್ರಸಾದ್ ಹಪ್ಪಳದ ಡಬ್ಬಗಳನ್ನೇ ಗಾಡಿಯಲ್ಲಿ ಹಾಕಿ ವಾಪಸ್ ಕಳಿಸಿದ್ದ. ಮುಂದಿನ ಬೇಸಿಗೆಗೆ ಹಪ್ಪಳ ಬೇಕೆಂದು ಹೇಳಿರಲಿಲ್ಲ.

‘ಅವ್ರು ಎಲ್ಲ ಹೇಳಿದ್ರು ನಂಗೆ,’ ಎಂದಳು ಹುಲಿಯಮ್ಮ. ‘ಜನ ಬಿಟ್ಟು ಹೋಗ್ಲಿಲ್ವಂತೆ, ನೀವೇ ಫೋನ್ ಮಾಡಿ ಬಿಡಿಸಿದ್ದಂತೆ.’

‘ಅವ್ರನ್ನ ಕೇಳ್ದೆ ದುಡ್ಡು ತಗೊಂಡಿದ್ರು ಅಕ್ಕ. ನಮ್ ಟೀಚರ್ ಒಬ್ರು…’

‘ಟೀಚರ್ ಕತೆಯೂ ಹೇಳಿದ್ರು. ಎಂಟ್ನೂರು ರೂಪಾಯಿ ಹೋಯ್ತಂತೆ. ಪಾಪ. ನಾವು ಒಂಬತ್ತು ಜನ ಒಂದು ಬೇಸ್ಗೆ ಕೂತಿದ್ವಿ ಮೂಕಾಂಬಿಕಾ. ಹಲಸಿನಕಾಯಿ ಮೇಣ ಇನ್ನೂ ಉಗುರಲ್ಲಿದೆ. ಪೇಟೆಯೋರು ಬೇಕಾದಾಗ ನಿಲ್ಸಿ ಅಂತಾರೆ. ನಮ್ಗೆ ಅಂಥ ಬಟನ್ ಯಾರು ಕೊಟ್ಟಿದಾರೆ?’

‘ಆ ದುಡ್ಡು ಅವ್ರದ್ದು ಅಕ್ಕ. ಅದ್ರಲ್ಲಿ ನಿಮ್ ಬಾಕಿ ತೀರಿಸೋದು ಹೆಂಗೆ ಸರಿ?’

‘ಸರಿಯೋ ತಪ್ಪೋ ನೀವು ಓದಿದೋರು, ನಿಮ್ಗೆ ಗೊತ್ತು. ನಂಗೆ ಗೊತ್ತಿರೋದು, ಅವ್ರಿಗೆಲ್ಲ ಫೋನ್ ಮಾಡಿದ್ರಿ. ನಂಗೊಂದು ಮಾಡ್ಲಿಲ್ಲ.’

ಬಸ್ಸು ಬಂತು. ಹುಲಿಯಮ್ಮ ಹತ್ತಿದಳು, ತಿರುಗಿ ನೋಡಲಿಲ್ಲ. ಆ ಬಸ್ಸಿನಲ್ಲೇ ಹೋಗಬೇಕಿದ್ದ ಮೂಕಾಂಬಿಕಾ ಮುಂದಿನದಕ್ಕೆ ಕಾದಳು. ಹುಲಿಯಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದಳು. ಕೊನೆಯ ಮಾತಿನಲ್ಲಿ ಸಿಗಲಿಲ್ಲ. ನಾಲ್ಕು ದಿನ ನೂರ ಐವತ್ತು ನಂಬರು ಒತ್ತುವಾಗ ಹುಲಿಯಮ್ಮನ ನಂಬರೂ ಅದೇ ಮೊಬೈಲಿನಲ್ಲಿತ್ತು.

ಈಗ ಅವಳು ಸಾಗರದ ತಾಲ್ಲೂಕು ಆಫೀಸಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬುತ್ತಾಳೆ. ಸಂಬಳ ಕಡಿಮೆ. ಫೋನ್ ಎತ್ತುವ ಕೆಲಸವಿಲ್ಲ. ‘ಮಾಡಿದ್ದು ಸರಿ ಇದೆ, ಬಿಡು’ ಎಂದು ಸತೀಶ ಒಂದೆರಡು ಸಲ ಹೇಳಿದ. ಮಕ್ಕಳ ಶಾಲೆಯ ವ್ಯಾನಿಗೆ ಕೊಡಲಾಗದೆ ತಾನೇ ಗೂಡ್ಸ್ ಆಟೋದಲ್ಲಿ ಬಿಟ್ಟುಬರಲು ಶುರುಮಾಡಿದ ಮೇಲೆ ಅದನ್ನು ಹೇಳುವುದು ಬಿಟ್ಟ. ತಿಂಗಳ ಬುಟ್ಟಿ ನಡೆಯುತ್ತಲೇ ಇದೆ, ಮೊದಲಿನಷ್ಟಿಲ್ಲ. ವೆಬ್‌ಸೈಟಿನಲ್ಲಿ ಆ ಬಟನ್ನೂ ಇದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಗರಿಷ್ಠ ಎರಡು ತಿಂಗಳು’ ಎಂದು ಸೇರಿಸಿದ್ದಾರೆ.

ಜನವರಿಯಲ್ಲಿ ಟೀಚರ ಗಂಡ ತೀರಿಕೊಂಡರು. ಸುದ್ದಿ ಎರಡು ದಿನ ತಡವಾಗಿ, ಬೇರೆಯವರಿಂದ ತಿಳಿಯಿತು. ಅವಳು ಹೋದಾಗ ಮನೆಯಲ್ಲಿ ನಾಲ್ಕಾರು ಜನ ಕೂತಿದ್ದರು, ಪುಣೆಯ ತಂಗಿಯೂ ಬಂದಿದ್ದರು. ಟೀಚರ್ ಎಲ್ಲರಿಗೂ ‘ನನ್ನ ಶಿಷ್ಯೆ, ನಮ್ಮನೇಲೇ ಇದ್ದು ಓದಿದೋಳು’ ಎಂದು ಪರಿಚಯಿಸಿದರು. ಹೊರಡುವಾಗ ಅಂಗಳದ ತನಕ ಬಂದರು.

‘ಅಂಬಿಕಾ, ಅವ್ರ ಖಾತೆ, ನನ್ನ ಖಾತೆ ಎಲ್ಲ ಇನ್ನು ಒಂದು ಮಾಡಬೇಕು. ಅದ್ರಲ್ಲಿ ನಿಮ್ ಅಂಗಡೀದು ಏನೂ ಉಳಿದಿಲ್ಲ ಅಲ್ವ?’

‘ಇಲ್ಲ ಟೀಚರ್. ಆಗಸ್ಟಲ್ಲೇ ರದ್ದು ಮಾಡಿದೀನಿ. ನಾನೇ ಮಾಡಿದ್ದು. ಎರಡೆರಡು ಸಲ ನೋಡಿದೀನಿ.’

‘ಹೌದಾ,’ ಎಂದರು ಟೀಚರ್. ಆಮೇಲೆ ಸೆರಗು ಹೊದ್ದುಕೊಳ್ಳುತ್ತ, ‘ಆಗ್ಲಿ. ಬ್ಯಾಂಕಿಗೆ ಹೆಂಗೂ ಹೋಗ್ಬೇಕು. ಅಲ್ಲೂ ಒಂದ್ಸಲ ಕೇಳ್ಕೊಂಡು ಬರ್ತೀನಿ’ ಎಂದು ಒಳಗೆ ಹೋದರು.